ವರನ ಮೆರವಣಿಗೆಯಲ್ಲಿ ಕೇಳಿದ ನಾದಸ್ವರದ ಧಾಟಿ ಯಾವುದು?

ಕಳೆದ ತಿಂಗಳು ಮುಳಬಾಗಿಲಿನಲ್ಲಿ ನಮ್ಮ ಬಂಧುಗಳ ಮದುವೆಯ ಹಿಂದಿನ ಸಂಜೆ, ದೇವಸ್ಥಾನದಿಂದ ಛತ್ರಕ್ಕೆ ವರನನ್ನು ಕರೆತರುವಾಗ ಓಲಗದವರು ನುಡಿಸಿದ ಒಂದು ಧಾಟಿಯ ಹೆಸರನ್ನು ತಿಳಿಯಬೇಕಾಗಿದೆ. ನಾನು ಕೆಲವು ವರ್ಷ ಮಾತ್ರ ಸಂಗೀತ ಕಲಿತವನು. ಆದ್ದರಿಂದ ಸ್ವರಗಳನ್ನು ಗುರುತಿಸುವುದರಲ್ಲಿ ತಪ್ಪಿದ್ದರೆ ಬಲ್ಲವರು ತಿದ್ದಬೇಕು.

ಮೆರವಣಿಗೆ ಸಾಗುತ್ತಿದ್ದಾಗ ತಿಶ್ರ ನಡೆಯ ಚುರುಕಾದ ವಾದನವಿತ್ತು. ರಥಬೀದಿಯ ತಿರುವಿನಲ್ಲಿ ಆರತಿಗಾಗಿ ಎಲ್ಲರೂ ನಿಂತೊಡನೆ ಡೋಲು ಪೂರ್ತಿ ಸುಮ್ಮನಾಗಿ, ಇಬ್ಬರು ನಾದಸ್ವರದವರಲ್ಲಿ ಹಿರಿಯರೊಬ್ಬರೇ ಮಧ್ಯಮದ ಮೇಲೆ ಬಹಳ ಹೊತ್ತು ನಿಂತು, ಅಲ್ಲಿಂದ ಇಳಿದು ಈ ಧಾಟಿಯನ್ನು ಎತ್ತಿಕೊಂಡರು. ಎರಡು ಆವರ್ತಗಳ ನಂತರ ಡೋಲು ಸೇರಿತು, ಅದೂ ಎಡಗೈಯ ಕೋಲಿನ ಪೆಟ್ಟುಗಳನ್ನು ಅಳೆದು ಹಾಕುತ್ತಾ. ಕೈಯಲ್ಲಿ ಎಣಿಸಿದಾಗ ಮೂರು, ನಾಲ್ಕು ಎಂದು ಏಳಕ್ಕೆ ಕೂಡುತ್ತಿತ್ತು: ತಕಿಟ ತಕಧಿಮಿ. ಹಾಡು ಮಾತ್ರ ಮೊದಲ ಪೆಟ್ಟಿನ ಮೇಲೆ ಬೀಳದೆ, ಅದನ್ನು ಬಿಟ್ಟು ಸ್ವಲ್ಪ ತಡೆದು ಏಳುತ್ತಿತ್ತು.

ಭಾವವನ್ನು ಹೇಳುವುದು ಕಷ್ಟ. ದುಃಖವೆನ್ನಲಾಗದು, ಉತ್ಸಾಹವೂ ಅಲ್ಲ. ಮಗಳನ್ನು ಕಳುಹಿಸಿಕೊಡುವ ಹೊತ್ತಿನ ನಿಧಾನವಾದ ಅಕ್ಕರೆಯಂತಿತ್ತು. ವರನನ್ನು ಎದುರುಗೊಳ್ಳುವಾಗ ಅಂಥದ್ದನ್ನೇಕೆ ನುಡಿಸಿದರೋ ಎಂದು ನನಗೆ ಆಶ್ಚರ್ಯವಾಯಿತು, ಆದರೆ ಪಟಾಕಿ ಹೊಡೆಯುತ್ತಿದ್ದ ಹುಡುಗರೂ ಆಗ ಕೈ ತಡೆದಿದ್ದರು.

ದೇವರ ಮೆರವಣಿಗೆಯಲ್ಲಿ ನುಡಿಸುವ ಮಲ್ಲಾರಿ ಇರಬಹುದೆಂದು ಮೊದಲು ಎಣಿಸಿದ್ದೆ. ಆದರೆ ಮಲ್ಲಾರಿಯನ್ನು ಸಾಮಾನ್ಯವಾಗಿ ನುಡಿಸುವ ಗಂಭೀರನಾಟ ರಾಗದಲ್ಲಿ ರಿಷಭವಾಗಲಿ ಧೈವತವಾಗಲಿ ಇಲ್ಲ. ಇಲ್ಲಿ ಧೈವತ ಜಾರಿ ಪಂಚಮಕ್ಕೆ ಬರುವುದು ಸ್ಪಷ್ಟವಾಗಿ ಕೇಳುತ್ತದೆ. 'ಸ ಗ ರಿ ಗ ಮ' ಎಂಬ ಏರಿಕೆ ಪದೇ ಪದೇ ಬರುವುದರಿಂದ ಆನಂದಭೈರವಿ ಅಥವಾ ರೀತಿಗೌಳ ಎಂದು ಊಹಿಸಿದೆ. ಮಧ್ಯಮದ ನಂತರ ರೀತಿಗೌಳದಂತೆ ನಿಷಾದಕ್ಕೆ ಹಾರದೆ 'ಪ ದ ಪ ಸ' ಎಂದು ಮೇಲೇರುವುದನ್ನು ನೋಡಿದರೆ ಆನಂದಭೈರವಿಯೇ ಸರಿ ಎನ್ನಿಸುತ್ತದೆ. ಶ್ಯಾಮಾಶಾಸ್ತ್ರಿಗಳ 'ಮರಿವೇರೆ ಗತಿ' ಅದೇ ರಾಗದ, ಏಳೆಣಿಕೆಯ ಮಿಶ್ರ ಛಾಪು ತಾಳದ ಕೃತಿಯಾದ್ದರಿಂದ ಅದನ್ನೂ ಹುಡುಕಿ ಕೇಳಿದೆ. ನಾನು ಕೇಳಿದ ಧಾಟಿಯ ಎತ್ತುಗಡೆ ಬೇರೆ.

ನನ್ನ ಫೋನಿನಲ್ಲಿ 40 ಸೆಕೆಂಡುಗಳಷ್ಟು ಧ್ವನಿಮುದ್ರಣವಿದೆ, ಅದರಲ್ಲಿಯೂ ಅರ್ಧ ಜನರೇಟರಿನ ಸದ್ದು. ಮರುದಿನ ಡೋಲಿನವರನ್ನು ವಿಚಾರಿಸಿದಾಗ, "ಅದು ಬೀದಿಯಲ್ಲಿ ನಿಂತಾಗ ನುಡಿಸೋದು ಸ್ವಾಮಿ, ನಮ್ಮ ತಾತನ ಕಾಲದಿಂದ ಬಂದಿದ್ದು" ಎಂದಷ್ಟೇ ಹೇಳಿದರು. ನಾದಸ್ವರದ ಹಿರಿಯರು ಮುಹೂರ್ತ ಮುಗಿದ ಕೂಡಲೇ ಇನ್ನೊಂದು ಮದುವೆಗೆ ಹೊರಟುಬಿಟ್ಟಿದ್ದರು.

ಇದು ಸಾಹಿತ್ಯವಿರುವ ರಚನೆಯೇ, ಅಥವಾ ನಾದಸ್ವರದ ಮನೆತನಗಳಲ್ಲಷ್ಟೇ ಉಳಿದಿರುವ ಧಾಟಿಯೇ ಎಂಬುದನ್ನು ತಿಳಿದವರು ದಯವಿಟ್ಟು ತಿಳಿಸಬೇಕು. ಮಾಘದಲ್ಲಿ ನನ್ನ ತಂಗಿಯ ಮದುವೆಯಿದೆ. ನಾವು ಗೊತ್ತು ಮಾಡಿರುವ ಓಲಗದವರು ಬೇರೆ ಊರಿನವರಾದ್ದರಿಂದ, ಹೆಸರು ಹೇಳದೆ ಕೇಳಿಕೊಳ್ಳುವಂತಿಲ್ಲ.