ಮೇಂಟೆನೆನ್ಸ್ ಬಾಕಿ ನೋಟಿಸ್‌ಗೆ ಬಿ-304ರ ಉತ್ತರ

ದಿನಾಂಕ: 12 ಜೂನ್ 2025

ಇವರಿಂದ:
ಮಾಲೀಕರು, ಫ್ಲ್ಯಾಟ್ ಬಿ-304

ಇವರಿಗೆ:
ಅಧ್ಯಕ್ಷರು, ಕಾರ್ಯದರ್ಶಿ ಮತ್ತು ಖಜಾಂಚಿ
ನಿವಾಸಿಗಳ ಸಂಘ

ವಿಷಯ: ಮೇಂಟೆನೆನ್ಸ್ ಬಾಕಿ ಮತ್ತು ತಡಪಾವತಿ ಬಡ್ಡಿ ಎಂದು 23,370 ರೂಪಾಯಿ ಕೇಳಿರುವುದಕ್ಕೆ ಆಕ್ಷೇಪ, ತಿಂಗಳುವಾರು ಲೆಕ್ಕಪಟ್ಟಿ ಕೊಡುವಂತೆ ಮನವಿ

ಉಲ್ಲೇಖ: 2 ಜೂನ್ 2025ರ ನಿಮ್ಮ ಬಾಕಿ ನೋಟಿಸ್

ಮಾನ್ಯರೇ,

ಜೂನ್ 2ರ ನಿಮ್ಮ ನೋಟಿಸ್ ಬಂದಿದೆ. 15ರೊಳಗೆ 23,370 ರೂಪಾಯಿ ಕಟ್ಟದಿದ್ದರೆ ನೀರು ಮತ್ತು ಜನರೇಟರ್ ಲೈನ್ ನಿಲ್ಲಿಸುತ್ತೇವೆ ಎಂದು ಅದರಲ್ಲಿದೆ. ನೋಟಿಸ್‌ನಲ್ಲಿ ಇರುವುದು ಐದೇ ಸಾಲು: ಮಾರ್ಚ್ 31ರವರೆಗಿನ ಬಾಕಿ 15,600, ಏಪ್ರಿಲ್–ಜೂನ್ ಉಳಿಕೆ 720, ತಡಪಾವತಿ ಬಡ್ಡಿ 1,872, ಜಿಎಸ್‌ಟಿ 2,678, ಸಂಪ್ ರಿಪೇರಿ ವಂತಿಗೆ 2,500. ಯಾವ ತಿಂಗಳಿಗೆ ಎಷ್ಟು, ನಾನು ಕಟ್ಟಿದ್ದು ಯಾವುದಕ್ಕೆ ಜಮಾ ಆಯಿತು, ಬಡ್ಡಿ ಯಾವ ದಿನದಿಂದ ಓಡಿತು, ಒಂದೂ ಇಲ್ಲ. ಐದು ಸಾಲು ನೋಡಿಕೊಂಡು ಇಷ್ಟು ಹಣ ಕಟ್ಟಿ ಅಂದರೆ ಯಾರಿಗಾದರೂ ಕಷ್ಟ, ಅಲ್ವಾ?

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಕಳೆದ ವರ್ಷ ನಮ್ಮ ಮನೆ ನಾಲ್ಕು ತಿಂಗಳು ಖಾಲಿ ಇತ್ತು. ಅದನ್ನು ಮುಂದಿಟ್ಟು ಮಾಫಿ ಕೇಳುವ ಉದ್ದೇಶ ನನಗಿಲ್ಲ. ಮನೆಗೆ ಬೀಗ ಹಾಕಿದ್ದರೂ ಲಿಫ್ಟ್ ಓಡುತ್ತದೆ, ಸೆಕ್ಯೂರಿಟಿಯವರು ರಾತ್ರಿ ಎದ್ದಿರುತ್ತಾರೆ. ಕೊಡಬೇಕಾದ್ದನ್ನು ಕೊಡಲೇಬೇಕು. ಕೊಟ್ಟಿದ್ದೇನೆ ಕೂಡ. ನನ್ನ ತಕರಾರು ಲೆಕ್ಕದ ಮೇಲೆ ಮಾತ್ರ.

ದೊಡ್ಡ ಮೊತ್ತದಿಂದ ಶುರು ಮಾಡುತ್ತೇನೆ. ನಾನು ಮೊದಲಿನಿಂದಲೂ ಮೂರು ತಿಂಗಳದ್ದನ್ನು ಒಟ್ಟಿಗೆ, ಮುಂಗಡವಾಗಿ ಕಟ್ಟುವವನು. ಜನವರಿ–ಮಾರ್ಚ್ 2025ರ ಕಂತು 14,160 ರೂಪಾಯಿಯನ್ನು ಜನವರಿ 6ರಂದು ಸಂಘದ ಹಳೆ ಬ್ಯಾಂಕ್ ಖಾತೆಗೆ ನೆಫ್ಟ್ ಮಾಡಿದ್ದೇನೆ. ಖಾತೆ ಬದಲಾಗಿದೆ ಎಂಬ ನಿಮ್ಮ ಸುತ್ತೋಲೆ ಬಂದದ್ದು ಜನವರಿ 20ಕ್ಕೆ. ಅಂದರೆ ನಾನು ಹಣ ಹಾಕಿದ ದಿನ ನಮಗೆಲ್ಲ ಗೊತ್ತಿದ್ದದ್ದು ಆ ಒಂದೇ ಖಾತೆ. ಹಣ ನನ್ನ ಖಾತೆಯಿಂದ ಹೋಗಿದೆ, ವಾಪಸ್ ಬಂದಿಲ್ಲ. ಯುಟಿಆರ್ ಸಂಖ್ಯೆ ಕಾಣುವ ಬ್ಯಾಂಕ್ ಸ್ಟೇಟ್‌ಮೆಂಟ್ ಪುಟವನ್ನು ಇದರ ಜೊತೆ ಇಟ್ಟಿದ್ದೇನೆ.

ಆಗ ಸುಮ್ನೆ ಕೂತಿರಲಿಲ್ಲ ನಾನು. ರಸೀದಿ ಬರಲಿಲ್ಲ ಅಂತ ಜನವರಿ ಕೊನೆಯಲ್ಲಿ ಖಜಾಂಚಿಯವರಿಗೆ ವಾಟ್ಸಾಪ್ ಮಾಡಿದ್ದೆ. "ಹಳೆ ಅಕೌಂಟಿಗೆ ಬಂದಿದ್ದನ್ನೆಲ್ಲ ಟ್ರಾನ್ಸ್‌ಫರ್ ಮಾಡ್ತಿದ್ದೀವಿ ಸಾರ್, ಆ್ಯಪಲ್ಲಿ ಮುಂದಿನ ತಿಂಗಳು ಬರುತ್ತೆ" ಎಂದು ಉತ್ತರ ಬಂತು. ಮುಂದಿನ ತಿಂಗಳು ಆ್ಯಪ್‌ನಲ್ಲಿ ಬಂದದ್ದು ನನ್ನ ಹಣವಲ್ಲ, ಬಾಕಿ ಅನ್ನೋ ಕೆಂಪು ಅಕ್ಷರ. ಆ ಸಂದೇಶದ ಸ್ಕ್ರೀನ್‌ಶಾಟ್ ಕೂಡ ಲಗತ್ತಿಸಿದ್ದೇನೆ. ಹಳೆ ಖಾತೆಯ ಜನವರಿ ತಿಂಗಳ ಸ್ಟೇಟ್‌ಮೆಂಟ್ ತೆಗೆದು ಆ ಒಂದು ಸಾಲು ನೋಡಿದರೆ ನೋಟಿಸ್‌ನ ಅರ್ಧಕ್ಕಿಂತ ಹೆಚ್ಚು ಪಾಲು ಅಲ್ಲೇ ಕರಗುತ್ತದೆ.

ಎರಡನೆಯದು, ಚದರಡಿ. ನಮ್ಮ ಫ್ಲ್ಯಾಟ್ 1,180 ಚದರಡಿ. ಕ್ರಯಪತ್ರದಲ್ಲಿ ಅಷ್ಟೇ ಇದೆ, ಸೆಪ್ಟೆಂಬರ್ 2024ರವರೆಗಿನ ನಿಮ್ಮ ರಸೀದಿಗಳಲ್ಲೂ ಅಷ್ಟೇ ಇದೆ. ಚದರಡಿಗೆ 4 ರೂಪಾಯಿಯಂತೆ ತಿಂಗಳಿಗೆ 4,720. ಅಕ್ಟೋಬರ್‌ನಲ್ಲಿ ಹೊಸ ಆ್ಯಪ್‌ಗೆ ಹೋದ ಮೇಲೆ ನಮ್ಮ ಬಿಲ್ 4,960 ಆಗಿದೆ. ರೇಟ್ ಬದಲಾಗಿಲ್ಲ, ಮನೆ ಬೆಳೆದಿದೆ: 1,240 ಚದರಡಿ! ನಮ್ಮ ಕೆಳಗಿನ ಬಿ-204ರ ಪ್ಲ್ಯಾನ್‌ಗೂ ನಮ್ಮದಕ್ಕೂ ಗೋಡೆ ಗೋಡೆ ಒಂದೇ. ಅವರ ಬಿಲ್‌ನಲ್ಲಿ ಈಗಲೂ 1,180 ಇದೆ. 1,240 ಇರುವುದು ಮೂಲೆ ಮನೆಗಳದ್ದು. ಎಕ್ಸೆಲ್‌ನಿಂದ ಆ್ಯಪ್‌ಗೆ ಹಾಕುವಾಗ ಒಂದು ಸಾಲು ಜಾರಿರಬಹುದು ಅಂತ ನನ್ನ ಊಹೆ. ಯಾರ ಮೇಲೂ ದೂರಿಲ್ಲ, ಕೈತಪ್ಪು ಯಾರಿಗಾದರೂ ಆಗುತ್ತದೆ. ಆದರೆ ತಿಂಗಳಿಗೆ 240ರಂತೆ ಒಂಬತ್ತು ತಿಂಗಳಿಗೆ 2,160 ರೂಪಾಯಿ ಆಯಿತು. ಅದು ನನ್ನ ಬಾಕಿ ಅಲ್ಲ.

ಏಪ್ರಿಲ್ 5ಕ್ಕೆ ಹೊಸ ಖಾತೆಗೆ ಕಟ್ಟಿದ 14,160 ನಿಮ್ಮ ಲೆಕ್ಕದಲ್ಲಿ ಸರಿಯಾಗಿ ಸೇರಿದೆ. ಅಲ್ಲಿ ಉಳಿಕೆ ಅಂತ ತೋರಿಸಿರುವ 720 ಕೂಡ ಇದೇ ಚದರಡಿ ತಪ್ಪಿನದ್ದು. ಅಕ್ಟೋಬರ್‌ನಿಂದ ಜೂನ್‌ವರೆಗೆ ಒಂಬತ್ತು ತಿಂಗಳಿಗೆ ನಾನು ಕೊಡಬೇಕಿದ್ದದ್ದು 42,480. ಮೂರು ಕಂತಿನಲ್ಲಿ ಕೊಟ್ಟಿರುವುದೂ 42,480.

ಈಗ ಬಡ್ಡಿ. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯಬೇಕಾಗಿದೆ, ಕ್ಷಮಿಸಿ. ಲೆಕ್ಕ ಕೊಟ್ಟಿಲ್ಲವಾದ್ದರಿಂದ 1,872 ಎಲ್ಲಿಂದ ಬಂತು ಅಂತ ಒಂದು ಸಂಜೆ ಕೂತು ಹುಡುಕಿದೆ. 15,600ಕ್ಕೆ ಶೇಕಡಾ 2 ಅಂದರೆ 312. ಅದನ್ನು ಆರರಿಂದ ಗುಣಿಸಿದರೆ ಸರಿಯಾಗಿ 1,872. ಹೀಗೇ ಹಾಕಿದ್ದರೆ ಮೂರು ಕಡೆ ತಪ್ಪಿದೆ. ಸಂಘದ ಬೈಲಾ ಪ್ರಕಾರ ತಡಪಾವತಿ ಬಡ್ಡಿ ವರ್ಷಕ್ಕೆ ಶೇಕಡಾ 12, ಸರಳ ಬಡ್ಡಿ. ತಿಂಗಳಿಗೆ ಶೇಕಡಾ 2 ಅಂದರೆ ವರ್ಷಕ್ಕೆ 24, ಬೈಲಾದ ಎರಡು ಪಟ್ಟು. ಇನ್ನು, ಬಿಲ್ ಕಟ್ಟಲು ಪ್ರತಿ ತಿಂಗಳ 10ನೇ ತಾರೀಕು ಕಡೆಯ ದಿನ. ಮಾರ್ಚ್ ಬಿಲ್‌ಗೆ ಗಡುವೇ ಮಾರ್ಚ್ 10. ಅದಕ್ಕೆ ಜನವರಿಯಿಂದಲೇ ಬಡ್ಡಿ ಹೇಗೆ ಓಡಿತು? ಕಡೆಯದಾಗಿ, ಆರು ತಿಂಗಳು ಅಂದರೆ ಜನವರಿಯಿಂದ ಜೂನ್. ನೋಟಿಸ್ ಬರೆದದ್ದು ಜೂನ್ 2ಕ್ಕೆ. ಇನ್ನೂ ಕಣ್ಣು ಬಿಡದ ತಿಂಗಳಿಗೂ ಬಡ್ಡಿ ಬಿದ್ದಿದೆ.

ಒಂದು ಮಾತಿಗೆ, ನೀವು ಹೇಳುವ 15,600 ಪೂರ್ತಿ ನಿಜವಾದ ಬಾಕಿಯೇ ಅಂದುಕೊಳ್ಳೋಣ. ಬೈಲಾ ದರದಲ್ಲಿ 4,960ರ ಒಂದು ಬಿಲ್‌ಗೆ ತಿಂಗಳ ಬಡ್ಡಿ 49 ರೂಪಾಯಿ 60 ಪೈಸೆ. ಪೂರ್ತಿ ಕಳೆದ ತಿಂಗಳನ್ನು ಎಣಿಸಿದರೆ ಜನವರಿ ಬಿಲ್‌ಗೆ ನಾಲ್ಕು, ಫೆಬ್ರವರಿಯದಕ್ಕೆ ಮೂರು, ಮಾರ್ಚ್‌ನದಕ್ಕೆ ಎರಡು. ಒಟ್ಟು 446 ರೂಪಾಯಿ 40 ಪೈಸೆ. 15,600ರಲ್ಲೇ ಸೇರಿರುವ, ಕಳೆದ ಅಕ್ಟೋಬರ್–ಡಿಸೆಂಬರ್‌ನ ಚದರಡಿ ವ್ಯತ್ಯಾಸ 720ರ ಮೇಲೆ ಇನ್ನೊಂದು 43 ಸೇರಿಸಿ. 490ರ ಆಸುಪಾಸು ನಿಲ್ಲುತ್ತದೆ. ಬಿಡಿ ದಿನಗಳನ್ನೂ ಹಿಡಿದರೂ 650 ದಾಟದು. ಆ ದರವನ್ನು ಯಾವುದಾದರೂ ಸಭೆಯಲ್ಲಿ ಏರಿಸಿದ್ದರೆ ಆ ಠರಾವು ತೋರಿಸಿ, ಒಪ್ಪುತ್ತೇನೆ. ಆ್ಯಪ್‌ನಲ್ಲಿ ಮೊದಲೇ ಇದ್ದ ಸೆಟ್ಟಿಂಗ್ ಅಂತಾದರೆ ಅದು ಆ್ಯಪ್ ಕಂಪನಿಯ ನಿಯಮ, ನಮ್ಮದಲ್ಲ.

ಜಿಎಸ್‌ಟಿ ವಿಚಾರ ಚಿಕ್ಕದು. ಏಪ್ರಿಲ್–ಜೂನ್‌ನ 14,880ಕ್ಕೆ ಶೇಕಡಾ 18 ಹಾಕಿ 2,678 ಮಾಡಿದ್ದೀರಿ. ಒಬ್ಬ ಸದಸ್ಯರ ಮೇಂಟೆನೆನ್ಸ್ ತಿಂಗಳಿಗೆ 7,500 ರೂಪಾಯಿವರೆಗೆ ಇದ್ದರೆ ಅದಕ್ಕೆ ಜಿಎಸ್‌ಟಿ ಇಲ್ಲ; 2018ರ ಜನವರಿಯಿಂದ ಈ ಮಿತಿ ಇದೆ. ನಿಮ್ಮ ತಪ್ಪು ಚದರಡಿ ಲೆಕ್ಕದ 4,960ಕ್ಕೆ ಸಂಪ್ ವಂತಿಗೆ ಸೇರಿಸಿದರೂ ಆ ತಿಂಗಳು 7,460 ಆಗುತ್ತದೆಯೇ ಹೊರತು ಮಿತಿ ಮುಟ್ಟುವುದಿಲ್ಲ. ಇದನ್ನು ಎಲ್ಲ ಮನೆಗಳಿಗೂ ಹಾಕಿದ್ದೀರಾ, ಬಿ-304ಕ್ಕೆ ಮಾತ್ರವಾ ಗೊತ್ತಿಲ್ಲ. ಎಲ್ಲರಿಗೂ ಹಾಕಿದ್ದರೆ ಬೇಗ ಸರಿಮಾಡುವುದು ಒಳ್ಳೆಯದು.

ಸಂಪ್ ವಂತಿಗೆಗೆ ನನ್ನ ತಕರಾರಿಲ್ಲ. ಸಂಪ್ ಸೋರುತ್ತಿದ್ದದ್ದನ್ನು ನಾನೂ ನೋಡಿದ್ದೇನೆ. ಇವತ್ತೇ ಹೊಸ ಖಾತೆಗೆ 2,500 ಕಳಿಸಿದ್ದೇನೆ, "ಸಂಪ್ ರಿಪೇರಿ ಮಾತ್ರ" ಅಂತ ಷರಾದಲ್ಲಿ ಬರೆದಿದ್ದೇನೆ. ದಯವಿಟ್ಟು ಅದನ್ನು ಬಡ್ಡಿಗೋ ಹಳೆ ಬಾಕಿಗೋ ಹೊಂದಿಸಿಕೊಳ್ಳಬೇಡಿ.

ಇಷ್ಟೆಲ್ಲ ಆದಮೇಲೆ ನಾನು ಕೇಳುವುದು ಒಂದು ಲೆಕ್ಕಪಟ್ಟಿ. 1 ಏಪ್ರಿಲ್ 2024ರಿಂದ 31 ಮೇ 2025ರವರೆಗೆ ಬಿ-304ರ ಲೆಡ್ಜರ್. ಪ್ರತಿ ತಿಂಗಳೂ ಬಿಲ್ ದಿನಾಂಕ, ಹಿಡಿದ ಚದರಡಿ, ದರ, ನನ್ನಿಂದ ಬಂದ ಹಣ, ಅದು ಬಂದ ದಿನ, ಯಾವುದಕ್ಕೆ ಜಮಾ ಆಯಿತು, ಬಡ್ಡಿ ಹಾಕಿದ್ದರೆ ಎಷ್ಟು ಮೊತ್ತಕ್ಕೆ, ಯಾವ ದಿನದಿಂದ ಯಾವ ದಿನಕ್ಕೆ, ಯಾವ ದರದಲ್ಲಿ, ಇಷ್ಟು ಅದರಲ್ಲಿರಲಿ. ಜೊತೆಗೆ ಹಳೆ ಖಾತೆಯ ಜನವರಿ ಸ್ಟೇಟ್‌ಮೆಂಟ್ (ಬೇರೆಯವರ ಹೆಸರುಗಳನ್ನು ಮುಚ್ಚಿ ಕೊಟ್ಟರೂ ಸಾಕು), ಬಡ್ಡಿ ಬಗ್ಗೆ ಇರುವ ಬೈಲಾ ಪುಟ, ದರ ಬದಲಾಗಿದ್ದರೆ ಆ ಠರಾವು, ಜಿಎಸ್‌ಟಿ ವಸೂಲು ಮಾಡುವುದೇ ಆದರೆ ಸಂಘದ ಜಿಎಸ್‌ಟಿ ನಂಬರ್ ಇರುವ ಬಿಲ್. ಇವನ್ನು 15 ದಿನದೊಳಗೆ, ಅಂದರೆ ಜೂನ್ 27ರೊಳಗೆ, ಕಾಗದದಲ್ಲೋ ಇಮೇಲ್‌ನಲ್ಲೋ ಕೊಡಿ. ಆ್ಯಪ್‌ನ ಸ್ಕ್ರೀನ್ ತೋರಿಸಿದರೆ ಸಾಲದು, ಅದರಲ್ಲಿ ಕಾಣುವುದು ಒಟ್ಟು ಮೊತ್ತ ಮಾತ್ರ.

ಲೆಕ್ಕ ತೀರುವವರೆಗೆ ಬಡ್ಡಿ ಏರಿಸುವುದನ್ನು ನಿಲ್ಲಿಸಿ. ನೀರು ಮತ್ತು ಜನರೇಟರ್ ಲೈನ್‌ಗೆ ಕೈ ಹಾಕಬೇಡಿ. ನಮ್ಮ ಮನೆಯಲ್ಲಿ 78 ವರ್ಷದ ತಾಯಿ ಇದ್ದಾರೆ. ಲೆಕ್ಕವೇ ಇತ್ಯರ್ಥವಾಗದ ಹಣಕ್ಕೆ ಅವರ ಸ್ನಾನದ ನೀರು ನಿಲ್ಲಿಸುವುದು ಯಾರಿಗೂ ಶೋಭೆಯಲ್ಲ.

ಇನ್ನೊಂದು. ಮೊನ್ನೆ ಸೋಮವಾರ ಸಂಜೆ ಲಿಫ್ಟ್ ಪಕ್ಕದ ಬೋರ್ಡ್‌ಗೆ ಬಾಕಿದಾರರ ಪಟ್ಟಿ ಅಂಟಿಸಿದ್ದೀರಿ. ನಾಲ್ಕು ಮನೆ, ಎರಡನೇ ಸಾಲಿನಲ್ಲಿ ಬಿ-304, ಯಾರೋ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದಾರೆ. ತರಕಾರಿ ಚೀಲ ಹಿಡಿದು ಲಿಫ್ಟ್‌ಗೆ ಕಾಯುತ್ತಿದ್ದ ನನ್ನ ತಾಯಿ ಕನ್ನಡಕ ಸರಿಮಾಡಿಕೊಂಡು ಅದನ್ನು ಪೂರ್ತಿ ಓದಿದರು. ಮನೆಗೆ ಬಂದು ಕೇಳಿದ್ದು ಒಂದೇ ಮಾತು: "ದುಡ್ಡು ಕಟ್ಟಿಲ್ವೇನೋ?" ಅವತ್ತು ರಾತ್ರಿ ಅವರಿಗೆ ಬ್ಯಾಂಕ್ ಸ್ಟೇಟ್‌ಮೆಂಟ್ ತೋರಿಸಿದೆ. ಹನ್ನೆರಡು ವರ್ಷದಲ್ಲಿ ಒಂದು ಕಂತೂ ತಪ್ಪಿಸದ ಮನೆಗೆ ಇದು ಬೇಕಿರಲಿಲ್ಲ. ಆ ಪಟ್ಟಿಯಿಂದ ನಮ್ಮ ಮನೆಯ ನಂಬರನ್ನು ಇವತ್ತೇ ತೆಗೆಯಿರಿ. ಲೆಕ್ಕ ನೋಡಿ ತಪ್ಪು ನಿಮ್ಮ ಕಡೆಯದು ಅಂತ ಗೊತ್ತಾದರೆ ಅದೇ ಬೋರ್ಡ್‌ನಲ್ಲಿ ಎರಡು ಸಾಲು ಬರೆದು ಹಾಕಿ. ಅಷ್ಟು ಸಾಕು.

ಖಜಾಂಚಿಯವರಿಗೆ ಆಫೀಸ್ ಕೆಲಸದ ಜೊತೆಗೆ ಇದೂ ಒಂದು, ಸಂಬಳವಿಲ್ಲದ ದುಡಿಮೆ ಅಂತ ನನಗೆ ಗೊತ್ತು. ಯಾವುದಾದರೂ ಭಾನುವಾರ ಬೆಳಿಗ್ಗೆ ಕ್ಲಬ್‌ಹೌಸ್‌ನಲ್ಲಿ ಕೂತು ಒಟ್ಟಿಗೆ ನೋಡೋಣ ಅಂದರೆ ಮೂಲ ಕಾಗದಗಳನ್ನು ತರುತ್ತೇನೆ. ಒಂದು ಗಂಟೆಯ ಕೆಲಸ. ಜೂನ್ 27ರೊಳಗೆ ಲೆಕ್ಕವೂ ಬರದೆ, ಕೂತು ಮಾತಾಡುವುದೂ ಆಗದಿದ್ದರೆ, ಮುಂದಿನ ಸರ್ವಸದಸ್ಯರ ಸಭೆಯ ವಿಷಯಪಟ್ಟಿಗೆ ಇದನ್ನು ಸೇರಿಸುವಂತೆ ಲಿಖಿತವಾಗಿ ಕೇಳುತ್ತೇನೆ.

ಈ ಪತ್ರ ತಲುಪಿದ್ದಕ್ಕೆ ಜೊತೆಗಿರುವ ನಕಲಿನ ಮೇಲೆ ಸಹಿ, ಸೀಲು ಮತ್ತು ದಿನಾಂಕ ಹಾಕಿ ಕೊಡಿ.

ಇಂತಿ ತಮ್ಮ ವಿಶ್ವಾಸಿ,
(ಸಹಿ)
ಮಾಲೀಕರು, ಫ್ಲ್ಯಾಟ್ ಬಿ-304

ಲಗತ್ತು: ಅಕ್ಟೋಬರ್, ಜನವರಿ, ಏಪ್ರಿಲ್ ಪಾವತಿಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಪುಟಗಳು, ಕ್ರಯಪತ್ರದ ಅಳತೆ ಇರುವ ಪುಟ, ಸೆಪ್ಟೆಂಬರ್ 2024ರ ರಸೀದಿ, ವಾಟ್ಸಾಪ್ ಸಂದೇಶದ ಸ್ಕ್ರೀನ್‌ಶಾಟ್, ಇವತ್ತಿನ 2,500 ರೂಪಾಯಿ ಪಾವತಿಯ ವಿವರ, ನಿಮ್ಮ ನೋಟಿಸ್‌ನ ನಕಲು.