ಸಕ್ಕರೆ ಕಾಯಿಲೆಯ ಹೊರೆ: ಮಂಡ್ಯ ತಾಲ್ಲೂಕಿನ ಒಂದು ಹಳ್ಳಿಯ ಡ್ಯಾಲಿ ಲೆಕ್ಕ

(ಸಮುದಾಯ ಆರೋಗ್ಯ ಕಿರು ಯೋಜನಾ ವರದಿ, ಅಧ್ಯಾಯ 3: ಲೆಕ್ಕಾಚಾರ)

ಸಕ್ಕರೆ ನಾಡಿನಲ್ಲಿ ಸಕ್ಕರೆ ಕಾಯಿಲೆಯನ್ನೇ ಆರಿಸಿಕೊಂಡಿದ್ದಕ್ಕೆ ಗೆಳೆಯರು ನಕ್ಕರು. ಆದರೆ ನಾವು ಸುತ್ತಿದ 240 ಮನೆಗಳಲ್ಲಿ 'ಶುಗರ್' ಎಂಬ ಮಾತು ಬಾರದ ಮನೆ ಅಪರೂಪ. 2024ರ ಜನವರಿಯಿಂದ ಡಿಸೆಂಬರ್‌ವರೆಗಿನ ಲೆಕ್ಕ ಇದು. ಊರಿನ ಜನಸಂಖ್ಯೆ 1,012. ಕಾಯಿಲೆ ಇದೆಯೆಂದು ಗೊತ್ತಿರುವವರು 86.

ಸಾವನ್ನು ಮಾತ್ರ ಎಣಿಸಿದರೆ ಕಾಯಿಲೆಯೊಂದಿಗೆ ಬದುಕುತ್ತಿರುವವರು ಲೆಕ್ಕದಿಂದ ಬಿಟ್ಟುಹೋಗುತ್ತಾರೆ. ಎರಡನ್ನೂ ವರ್ಷಗಳಲ್ಲೇ ಅಳೆಯುವ ಡ್ಯಾಲಿಯನ್ನು ವಿಶ್ವಬ್ಯಾಂಕಿನ 1993ರ ವರದಿ ಬಳಕೆಗೆ ತಂದಿತು.

```
DALY = YLL + YLD
YLL  = ಸಾವುಗಳು × ಆ ವಯಸ್ಸಿಗೆ ಉಳಿದಿರುವ ಆಯಸ್ಸು
YLD  = ಈಗ ಕಾಯಿಲೆ ಇರುವವರು × ನ್ಯೂನತೆಯ ತೂಕ
```

ತೂಕ 0 ಎಂದರೆ ಪೂರ್ಣ ಆರೋಗ್ಯ, 1 ಎಂದರೆ ಸಾವಿಗೆ ಸಮ. ಮುಂದಿನ ವರ್ಷಗಳ ಬೆಲೆ ಇಳಿಸುವುದು, ವಯಸ್ಸಿಗೆ ತಕ್ಕಂತೆ ತೂಕ ಕೊಡುವುದು, ಈ ಎರಡನ್ನೂ ಜಾಗತಿಕ ರೋಗಹೊರೆ ಅಧ್ಯಯನ 2010ರ ಆವೃತ್ತಿಯಲ್ಲಿ ಕೈಬಿಟ್ಟಿದೆ, ನಾವೂ ಬಳಸಿಲ್ಲ.

ಕಳೆದುಹೋದ ವರ್ಷಗಳು (YLL)

ಗುಣಾಕಾರ ಸುಲಭ. ಕಷ್ಟವಾದದ್ದು, ಯಾವ ಸಾವನ್ನು ಯಾವ ಕಾಯಿಲೆಯ ಪಾಲಿಗೆ ಹಾಕುವುದು ಎಂಬುದು. ಆ ವರ್ಷ ಶುಗರ್ ಇದ್ದ ಮೂವರು ತೀರಿಕೊಂಡಿದ್ದಾರೆ. 55ರ ಗಂಡಸಿಗೆ ಕಾಲಿನ ಹುಣ್ಣು ಕೊಳೆತು ನಂಜು ಏರಿತ್ತು. 65ರ ಹೆಂಗಸಿಗೆ ಶುಗರಿನಿಂದಲೇ ಕಿಡ್ನಿ ಹೋಗಿತ್ತು. ಇಬ್ಬರ ಮರಣ ಕಾರಣ ಪತ್ರದಲ್ಲೂ ಮೂಲ ಕಾರಣ ಸಕ್ಕರೆ ಕಾಯಿಲೆ ಎಂದಿದೆ. ಮೂರನೆಯವರಿಗೆ 60, ಪತ್ರದಲ್ಲಿರುವುದು ಹೃದಯಾಘಾತ ಮಾತ್ರ. "ಇಪ್ಪತ್ ವರ್ಸದಿಂದ ಶುಗರ್ ಇತ್ತಲ್ಲ, ಅದೇ ತಿಂದಾಕ್ತು" ಎಂದರು ಮಗ. ಅವರ ಮಾತು ಸುಳ್ಳಲ್ಲ. ಆದರೆ ಒಂದು ಸಾವಿಗೆ ಒಂದೇ ಮೂಲ ಕಾರಣ ಎಂಬ ನಿಯಮ ಮುರಿದರೆ, ಅದೇ ಸಾವನ್ನು ಹೃದ್ರೋಗದ ವರದಿ ಬರೆಯುವವರೂ ಎಣಿಸುತ್ತಾರೆ. ಹಾಗಾಗಿ ಅವರನ್ನು ಹೊರಗಿಟ್ಟೆವು.

ಉಳಿದ ಆಯಸ್ಸಿಗೆ 2010ರ ಅಧ್ಯಯನದ ಮಾದರಿ ಕೋಷ್ಟಕ ಬಳಸಿದ್ದೇವೆ. ಅದು ಗಂಡಸು ಹೆಂಗಸು ಇಬ್ಬರಿಗೂ ಒಂದೇ, ಹುಟ್ಟಿದಾಗ 86.02 ವರ್ಷ.

```
55 ವರ್ಷ: 1 × 32.38 = 32.38
65 ವರ್ಷ: 1 × 23.29 = 23.29
YLL = 55.67
```

ನ್ಯೂನತೆಯೊಂದಿಗೆ ಬದುಕಿದ ವರ್ಷಗಳು (YLD)

ಇಲ್ಲಿ ಮೊದಲ ಕರಡಿನಲ್ಲಿ ನಾನೇ ಎಡವಿದ್ದೆ. 86 ಜನರನ್ನೂ ತೂಕದಿಂದ ಗುಣಿಸಿ, ಅದರ ಮೇಲೆ ಅವರಿಗೆ ಕಾಯಿಲೆ ಬಂದು ಎಷ್ಟು ವರ್ಷವಾಯಿತೋ ಅದರಿಂದಲೂ ಗುಣಿಸಿದ್ದೆ. ಮೊತ್ತ ನೋಡಿ ಮೇಡಂ ಕೇಳಿದ್ದು ಒಂದೇ ಪ್ರಶ್ನೆ: "ಒಂದೇ ವರ್ಷದಲ್ಲಿ ಒಬ್ಬರು ಎಷ್ಟು ವರ್ಷ ಬದುಕೋಕಾಗುತ್ತೆ?" ಅವಧಿಯಿಂದ ಗುಣಿಸುವುದು ಆ ವರ್ಷದ ಹೊಸ ರೋಗಿಗಳನ್ನಷ್ಟೇ ಎಣಿಸುವ ವಿಧಾನದಲ್ಲಿ. ಇರುವ ರೋಗಿಗಳನ್ನೆಲ್ಲ ಎಣಿಸಿದ ಮೇಲೆ ಅವಧಿ ಬೇಡ.

ಒಬ್ಬರು ಒಂದೇ ಗುಂಪಿನಲ್ಲಿ ಇರಬೇಕು. ಮಾತ್ರೆ ನುಂಗಿಕೊಂಡು ಬೇರೆ ತೊಂದರೆಯಿಲ್ಲದೆ ಇರುವವರು 61. ಶುಗರಿನಿಂದ ನರಗಳು ಹಾಳಾಗಿ ಪಾದ ಜೋಮು ಹಿಡಿದವರು 22. ಅವರಲ್ಲಿ ಒಬ್ಬ ಅಜ್ಜಿ ಜಗಲಿಯ ಮೇಲೆ ಕಾಲು ಚಾಚಿ ತೋರಿಸಿದರು: "ಚಪ್ಪಲಿ ಕಳಚಿ ಬಿದ್ರೂ ಗೊತ್ತಾಗಕಿಲ್ಲ ಕಣವ್ವ, ಅರ್ಧ ದಾರಿ ಬಂದು ನೋಡ್ಕತೀನಿ." ಅಂಥ ಪಾದದಲ್ಲೇ ಹುಣ್ಣೂ ಆದವರು 3. ಈ ಮೂವರಿಗೆ ನರದ ತೊಂದರೆಯ 0.133 ಮತ್ತು ಹುಣ್ಣಿನ 0.020 ತೂಕಗಳನ್ನು ಕೂಡುವಂತಿಲ್ಲ. ಕೂಡುತ್ತಾ ಹೋದರೆ ನಾಲ್ಕಾರು ಕಾಯಿಲೆ ಇರುವವರ ತೂಕ 1 ದಾಟೀತು. ಉಳಿದ ಆರೋಗ್ಯದ ಭಾಗಗಳನ್ನು ಗುಣಿಸಬೇಕು.

```
1 − (1 − 0.133) × (1 − 0.020) = 0.150

61 × 0.049 = 2.989
22 × 0.133 = 2.926
 3 × 0.150 = 0.450
YLD = 6.365
```

ಒಟ್ಟು

```
DALY = 55.67 + 6.37 = 62.04
1,000 ಜನರಿಗೆ: 62.04 ÷ 1,012 × 1,000 = 61.3
```

ಹೊರೆಯ ಶೇ. 90ರಷ್ಟು ಎರಡೇ ಸಾವುಗಳಿಂದ ಬಂದಿದೆ. ಹೊರಗಿಟ್ಟ ಮೂರನೆಯವರನ್ನು ಸೇರಿಸಿದ್ದರೆ 27.81 ವರ್ಷ ಕೂಡಿ ಒಟ್ಟು 89.85 ಆಗುತ್ತಿತ್ತು. ಇಷ್ಟು ಚಿಕ್ಕ ಊರಿನ ಒಂದು ವರ್ಷದ ದರವನ್ನು ಜಿಲ್ಲೆಗೆ ಅನ್ವಯಿಸುವಂತಿಲ್ಲ. ರಕ್ತ ಪರೀಕ್ಷೆಯನ್ನೇ ಮಾಡಿಸದವರು 86ರಲ್ಲಿ ಇಲ್ಲ, ಆದ್ದರಿಂದ YLD ನಿಜಕ್ಕಿಂತ ಕಡಿಮೆಯೇ ಇದ್ದೀತು.

ವಯಸ್ಸಿನದು ಇನ್ನೊಂದು ತೊಡಕು. ಕೇಳಿದರೆ ಎಲ್ಲರೂ ಐದರ ಲೆಕ್ಕದಲ್ಲೇ ಹೇಳುತ್ತಾರೆ. 55 ಎಂದು ಬರೆದುಕೊಂಡವರ ಅಣ್ಣ "ಅವ್ನಿಗೆ ಐವತ್ತೇ ಆಗಿದ್ದು" ಎಂದು ಆಮೇಲೆ ವಾದಿಸಿದರು. ಅಣ್ಣನ ಮಾತೇ ನಿಜವಾದರೆ ಉಳಿದ ಆಯಸ್ಸು 37.05 ಆಗಿ YLL 4.67 ವರ್ಷ ಏರುತ್ತದೆ. 22 ಜನರ ಪಾದ ವರ್ಷವಿಡೀ ಜೋಮು ಹಿಡಿದದ್ದಕ್ಕೆ ನಮ್ಮ ಲೆಕ್ಕದಲ್ಲಿ ಸಿಕ್ಕಿದ್ದು 2.926.