ಶ್ರಾವಣದ ಸರಕು ತಡವಾದುದಕ್ಕೆ ಕ್ಷಮೆಯಾಚನೆ

ಸುಂಕದಕಟ್ಟೆ, ಮಾಗಡಿ ರಸ್ತೆ
ಬೆಂಗಳೂರು
5 ಆಗಸ್ಟ್ 2025

ಶ್ರೀ ಬಸವರಾಜ ಅವರಿಗೆ,
ಸಗಟು ವಿತರಕರು, ದುರ್ಗದ ಬೈಲ್, ಹುಬ್ಬಳ್ಳಿ

ವಿಷಯ: ಜುಲೈ 24ಕ್ಕೆ ತಲುಪಬೇಕಿದ್ದ 240 ಪೆಟ್ಟಿಗೆ ಅಗರಬತ್ತಿ ವಿಳಂಬವಾದ ಕುರಿತು

ಮಾನ್ಯರೇ,

ಶ್ರಾವಣ ಶುರುವಾಗುವ ಹಿಂದಿನ ದಿನ ನಿಮ್ಮ ಗೋದಾಮಿನಲ್ಲಿ ಇರಬೇಕಿದ್ದ ಸರಕು ಈವರೆಗೆ ಒಂದು ಪೆಟ್ಟಿಗೆಯೂ ತಲುಪಿಲ್ಲ. ಶ್ರಾವಣದ ಎರಡು ಸೋಮವಾರ ಕಳೆದುಹೋದವು. ಸಿದ್ಧಾರೂಢ ಮಠದ ಸುತ್ತಲಿನ ಅಂಗಡಿಗಳಿಗೆ ಆ ಎರಡು ದಿನಗಳ ವ್ಯಾಪಾರ ಎಂದರೆ ಎಷ್ಟು ಎಂಬುದು ನಮಗೆ ಗೊತ್ತು. ಆ ಅಂಗಡಿಯವರಿಗೆ ಮಾತು ಕೊಟ್ಟವರು ನೀವು. ನಮ್ಮಿಂದಾಗಿ ಅದನ್ನು ಉಳಿಸಿಕೊಳ್ಳಲಾಗದೆ ಅವರ ಮುಂದೆ ನಿಲ್ಲಬೇಕಾದವರೂ ನೀವೇ. ಇದಕ್ಕಾಗಿ ನಮ್ಮ ಸಂಸ್ಥೆಯ ಪರವಾಗಿಯೂ ನನ್ನ ಪರವಾಗಿಯೂ ಮನಃಪೂರ್ವಕ ಕ್ಷಮೆ ಕೇಳುತ್ತೇನೆ.

ಏನಾಯಿತು ಎಂಬುದನ್ನು ಮುಚ್ಚುಮರೆಯಿಲ್ಲದೆ ತಿಳಿಸುತ್ತೇನೆ. ಜುಲೈ ಮಧ್ಯದಲ್ಲಿ ಸತತ ಮೋಡ, ಜಡಿಮಳೆ. ಹೊಸೆದ ಕಡ್ಡಿಗಳು ಮೇಲ್ನೋಟಕ್ಕೆ ಒಣಗಿದಂತೆ ಕಂಡರೂ ಒಳಗೆ ಹಸಿಯಾಗಿಯೇ ಉಳಿದಿದ್ದವು. ಅವನ್ನು ಹಾಗೆಯೇ ಸುಗಂಧದಲ್ಲಿ ಅದ್ದಿ, ಪೊಟ್ಟಣ ಕಟ್ಟಿಟ್ಟೆವು. ಜುಲೈ 19ರಂದು ಸಂಪಿಗೆಯ ಒಂದು ಪೆಟ್ಟಿಗೆ ತೆರೆದಾಗ ಕಡ್ಡಿಗಳು ಒಂದಕ್ಕೊಂದು ಅಂಟಿಕೊಂಡಿದ್ದವು; ಬುಡದಲ್ಲಿ ಬರಿಯ ಬಿದಿರು ಕಾಣುವ ಜಾಗದಲ್ಲಿ ಬಿಳಿ ಬೂಷ್ಟು ಹಿಡಿದಿತ್ತು. ಹಚ್ಚಿ ನೋಡಿದರೆ ಅರ್ಧಕ್ಕೇ ನಂದಿಹೋಗುತ್ತಿತ್ತು. ಪೂಜೆಯ ನಡುವೆ ಊದುಬತ್ತಿ ಆರಿಹೋದರೆ ಮನೆಯವರ ಮನಸ್ಸಿಗೆ ಎಷ್ಟು ಕಸಿವಿಸಿಯಾಗುತ್ತದೆ ಎಂದು ನಿಮಗೆ ಹೇಳಬೇಕಿಲ್ಲ. ಅಂಥ ಸರಕನ್ನು ನಿಮಗೆ ಕಳಿಸುವ ಮಾತೇ ಇರಲಿಲ್ಲ. ಆ ಇಡೀ ತಂಡವನ್ನು ತಡೆಹಿಡಿದೆವು. ಆ ನಿರ್ಧಾರ ಸರಿಯಾಗಿತ್ತು ಎಂದೇ ಈಗಲೂ ನಂಬಿದ್ದೇನೆ.

ಸರಿಯಾಗದೇ ಹೋದದ್ದು ಅದರ ನಂತರದ್ದು. 19ರಂದೇ ನಿಮಗೆ ಫೋನ್ ಮಾಡಿ ವಿಷಯ ತಿಳಿಸಬೇಕಿತ್ತು. ತಿಳಿಸಿದ್ದರೆ ನೀವು ಬೇರೆ ಕಡೆಯಿಂದ ಸರಕು ಎತ್ತಲು ಐದು ದಿನ ಸಿಗುತ್ತಿತ್ತು. ಅದರ ಬದಲು ನಮ್ಮ ಕಚೇರಿಯಿಂದ ನಿಮಗೆ ಸಿಕ್ಕಿದ್ದು ‘ನಾಳೆ ಲೋಡ್ ಆಗುತ್ತದೆ’ ಎಂಬ ಒಂದೇ ಉತ್ತರ. ಮಳೆ ನಮ್ಮ ಕೈಯಲ್ಲಿರಲಿಲ್ಲ, ನಿಜ. ಆದರೆ ಫೋನು ನಮ್ಮ ಕೈಯಲ್ಲೇ ಇತ್ತು. ಹನ್ನೊಂದು ವರ್ಷಗಳಿಂದ ಒಂದು ದಿನವೂ ಹಣ ತಡ ಮಾಡದ ನಿಮಗೆ ನಾವು ಇಷ್ಟಾದರೂ ಮಾಡಬೇಕಿತ್ತು. ವಿಳಂಬಕ್ಕಿಂತ ಹೆಚ್ಚಾಗಿ ಈ ಮೌನಕ್ಕಾಗಿ ನಾನು ಕ್ಷಮೆ ಕೇಳಬೇಕಾಗಿದೆ.

ಇನ್ನು ಮುಂದಿನದು. ಗಂಧ ಮತ್ತು ಮಲ್ಲಿಗೆಯ 90 ಪೆಟ್ಟಿಗೆಗಳು ಸಿದ್ಧವಾಗಿವೆ. ಬೇರೆ ಸರಕಿನೊಂದಿಗೆ ಸೇರಿಸದೆ, ನಿಮಗಾಗಿಯೇ ಗೊತ್ತುಮಾಡಿದ ವಾಹನದಲ್ಲಿ ಇಂದು ಸಂಜೆ ಹೊರಡುತ್ತವೆ; ನಾಳೆ ಬುಧವಾರ ಬೆಳಿಗ್ಗೆ ನಿಮ್ಮ ಗೋದಾಮಿಗೆ ಬರುತ್ತವೆ. ವರಮಹಾಲಕ್ಷ್ಮಿ ಹಬ್ಬ ಶುಕ್ರವಾರ. ಅಂಗಡಿಗಳಿಗೆ ಹಂಚಲು ನಿಮಗೆ ಎರಡೇ ದಿನ ಉಳಿಯುತ್ತದೆ. ಆದ್ದರಿಂದ ಯಾವ ಪೆಟ್ಟಿಗೆಯಲ್ಲಿ ಯಾವ ಪರಿಮಳ, ಎಷ್ಟು ಡಜನ್ ಎಂಬುದನ್ನು ಪೆಟ್ಟಿಗೆಯ ಮೇಲೆಯೇ ದಪ್ಪಕ್ಷರದಲ್ಲಿ ಬರೆಸಿದ್ದೇನೆ. ಬಿಚ್ಚಿ ವಿಂಗಡಿಸುವ ಕೆಲಸ ಇರುವುದಿಲ್ಲ. ವಾಹನ ಗೇಟು ದಾಟಿದ ಕೂಡಲೇ ಇ-ವೇ ಬಿಲ್ ಹಾಗೂ ಚಾಲಕರ ಮೊಬೈಲ್ ಸಂಖ್ಯೆ ನಿಮ್ಮ ವಾಟ್ಸ್‌ಆ್ಯಪ್‌ಗೆ ಬರುತ್ತವೆ.

ಎರಡನೆಯ ಕಂತು 100 ಪೆಟ್ಟಿಗೆ. ಇದು 11ರಂದು ಹೊರಟು 12ರ ಬೆಳಿಗ್ಗೆ ತಲುಪುತ್ತದೆ. ಕೃಷ್ಣ ಜನ್ಮಾಷ್ಟಮಿಯ ವ್ಯಾಪಾರಕ್ಕೆ ಸಿಗುತ್ತದೆ. ಉಳಿದ 50 ಪೆಟ್ಟಿಗೆ ಪೂರ್ತಿ ಸಂಪಿಗೆ. ಹಳೆಯ ತಂಡದ ಒಂದು ಕಡ್ಡಿಯನ್ನೂ ಬಳಸದೆ ಹೊಸದಾಗಿ ಹೊಸೆಯುತ್ತಿರುವುದರಿಂದ ಅದಕ್ಕೆ ಸಮಯ ಹಿಡಿಯುತ್ತದೆ. 18ರಂದು ಹೊರಟು 19ಕ್ಕೆ ಬರುತ್ತದೆ, ಅಂದರೆ 26ರ ಗೌರಿ ಹಬ್ಬಕ್ಕೆ ಒಂದು ವಾರ ಮೊದಲು.

ಈ ದಿನಾಂಕಗಳನ್ನು ನಿಮ್ಮ ಸಮಾಧಾನಕ್ಕೆಂದು ಬರೆದಿಲ್ಲ. ಪಕ್ಕದ ಕಾರ್ಖಾನೆಯ ಬಿಸಿಗಾಳಿಯ ಕೋಣೆಯನ್ನು ತಿಂಗಳ ಮಟ್ಟಿಗೆ ಬಾಡಿಗೆಗೆ ಪಡೆದಿದ್ದೇವೆ, ಇನ್ನು ಬಿಸಿಲಿಗೆ ಕಾಯಬೇಕಿಲ್ಲ. ನಮ್ಮ ಹೆಣ್ಣುಮಕ್ಕಳು ಎರಡು ಭಾನುವಾರ ದುಪ್ಪಟ್ಟು ಕೂಲಿಗೆ ಕೆಲಸಕ್ಕೆ ಬರಲು ಒಪ್ಪಿದ್ದಾರೆ. ವರಮಹಾಲಕ್ಷ್ಮಿ ಅವರ ಮನೆಯಲ್ಲೂ ಹಬ್ಬವೇ. ಅಂದು ಕಾರ್ಖಾನೆ ನಡೆಯುವುದಿಲ್ಲ ಎಂಬುದನ್ನೂ ಲೆಕ್ಕಕ್ಕೆ ಹಿಡಿದೇ ದಿನ ಗೊತ್ತುಮಾಡಿದ್ದೇನೆ. ಸುಗಂಧದಲ್ಲಿ ಅದ್ದುವ ಮುನ್ನ ಪ್ರತಿ ತಂಡದಿಂದ ಹತ್ತು ಕಡ್ಡಿ ತೆಗೆದು ಕೊನೆಯವರೆಗೂ ಉರಿಸಿ ನೋಡುತ್ತೇವೆ. ಒಂದು ನಂದಿದರೂ ಆ ತಂಡ ಮತ್ತೆ ಒಣಗಲು ಹೋಗುತ್ತದೆ. ಹೀಗೆ ಏನಾದರೂ ದಿನ ಹಿಂದೆ ಬೀಳುವಂತಿದ್ದರೆ ಅದೇ ಸಂಜೆ ನಾನೇ ನಿಮಗೆ ಫೋನ್ ಮಾಡುತ್ತೇನೆ. ಎರಡನೆಯ ಕಂತು 12ರ ಸಂಜೆಯೊಳಗೆ ಬಾರದಿದ್ದರೆ ಬಾಕಿ ಆರ್ಡರನ್ನು ರದ್ದುಪಡಿಸುವ ಹಕ್ಕು ನಿಮ್ಮದು. ನಾವು ಕಾರಣ ಕೇಳುವುದಿಲ್ಲ.

ನಿಮಗಾದ ನಷ್ಟವನ್ನು ಪೂರ್ತಿ ತುಂಬಿಕೊಡಲಾಗದು. ಕೈಲಾದಷ್ಟನ್ನು ಮಾಡುತ್ತಿದ್ದೇವೆ. ಮೂರೂ ಕಂತುಗಳ ಸಾಗಣೆ ವೆಚ್ಚ ನಮ್ಮದು. ಮೂರೂ ಬಿಲ್ಲುಗಳ ಮೇಲೆ ಶೇ 4ರಷ್ಟು ರಿಯಾಯಿತಿಯನ್ನು ಕ್ರೆಡಿಟ್ ನೋಟ್ ಮೂಲಕ ಕೊಡುತ್ತೇವೆ. ಅದನ್ನು ಜಿಎಸ್‌ಟಿ ಸಹಿತವಾಗಿಯೇ ಕೊಡುವುದರಿಂದ ಅಷ್ಟರ ಮಟ್ಟಿನ ಇನ್‌ಪುಟ್ ತೆರಿಗೆ ಕ್ರೆಡಿಟ್ ಹಿಂತಿರುಗಿಸಬೇಕಾಗುತ್ತದೆ. ನಿಮ್ಮ ಲೆಕ್ಕಪತ್ರ ನೋಡುವವರಿಗೆ ದಯವಿಟ್ಟು ತಿಳಿಸಿ. ಹಣ ಪಾವತಿಯ 30 ದಿನಗಳ ಗಡುವು ಆಯಾ ಬಿಲ್ಲಿನ ದಿನದಿಂದಲ್ಲ, ಕೊನೆಯ ಕಂತು ನಿಮ್ಮ ಕೈಸೇರಿದ ದಿನದಿಂದ ಶುರುವಾಗುತ್ತದೆ. ತಡವಾಗಿ ಬಂದ ಸರಕು ಮಾರಾಟವಾಗದೆ ಉಳಿದೀತು ಎಂಬ ಚಿಂತೆ ನಿಮಗಿರುವುದು ಸಹಜ. ವಿಜಯದಶಮಿ ಕಳೆದ ಮೇಲೂ ಉಳಿದ, ಸೀಲು ಒಡೆಯದ ಪೆಟ್ಟಿಗೆಗಳನ್ನು ಬಿಲ್ಲಿನ ದರಕ್ಕೇ ನಮ್ಮ ಖರ್ಚಿನಲ್ಲಿ ವಾಪಸು ಪಡೆಯುತ್ತೇವೆ.

ಮಠದ ಬಳಿಯ ಅಂಗಡಿಗಳನ್ನು ಬರಿಗೈಯಲ್ಲಿ ಕೂರಿಸಬಾರದೆಂದು ನೀವು ಬೇರೊಂದು ಬ್ರ್ಯಾಂಡಿನ ಸರಕನ್ನು ಹೆಚ್ಚಿನ ಬೆಲೆಗೆ ತಂದುಕೊಟ್ಟಿರೆಂದು ನಿಮ್ಮ ಮಗನಿಂದ ತಿಳಿಯಿತು. ನೀವಾಗಿ ಆ ವಿಷಯ ಎತ್ತಲಿಲ್ಲ. ಅದರಲ್ಲಿ ನಮ್ಮ ಆಕ್ಷೇಪ ಏನೂ ಇಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ. ಆ ಖರೀದಿಯ ಬಿಲ್ಲಿನ ಪ್ರತಿ ಕಳಿಸಿ, ದರದ ವ್ಯತ್ಯಾಸವನ್ನು ನಾವು ಭರಿಸುತ್ತೇವೆ. ಸಂಕೋಚ ಬೇಡ, ಅದು ನಮಗಾಗಿ ನೀವು ಹೊತ್ತ ಹೊರೆ.

ಅಂಗಡಿಯವರಿಗೆ ತೋರಿಸಲು ಬೇಕಾದರೆ ವಿಳಂಬ ನಮ್ಮಿಂದಲೇ ಆಯಿತು ಎಂಬ ಪ್ರತ್ಯೇಕ ಪತ್ರವೊಂದನ್ನು ಮೊದಲ ಕಂತಿನ ಕಾಗದಪತ್ರಗಳ ಜೊತೆ ಇಟ್ಟಿದ್ದೇನೆ. ನಾಳೆ ಸರಕು ಇಳಿಸಿಕೊಂಡ ಮೇಲೆ ನಾಲ್ಕಾರು ಪೆಟ್ಟಿಗೆ ಬಿಚ್ಚಿಸಿ, ಕಡ್ಡಿ ಹಚ್ಚಿ ನೋಡಿ. ಮಧ್ಯಾಹ್ನ ನಾನೇ ಕರೆ ಮಾಡುತ್ತೇನೆ. ಸರಕು ಹೇಗಿದೆ ಎಂದು ತಿಳಿಸಿ, ಅದನ್ನು ನೋಡಿಕೊಂಡು ಎರಡನೆಯ ಕಂತಿನ ಪ್ಯಾಕಿಂಗ್ ಶುರು ಮಾಡಿಸುತ್ತೇನೆ.

ಇತಿ ನಿಮ್ಮ ವಿಶ್ವಾಸಿ,
ಶಶಿಕಲಾ
ಪಾಲುದಾರರು

ಲಗತ್ತು: ಮೊದಲ ಕಂತಿನ ಬಿಲ್, ಪೆಟ್ಟಿಗೆವಾರು ಪಟ್ಟಿ